ಐದು ದಿನದ ವಿಡಿಯೊ, ವರ್ಷದ ಹಿಂದಿನ ವಿಡಿಯೊ: ವ್ಯೂಸ್ ಹೋಲಿಸೋದು ಹೇಗೆ?

ಯೂಟ್ಯೂಬ್ ಚಾನೆಲ್ ನಡೆಸುವವರಿಗೆ ಈ ಗೊಂದಲ ಚೆನ್ನಾಗಿ ಗೊತ್ತು. ಹೊಸ ವಿಡಿಯೊ ಹಾಕಿ ಕೆಲವೇ ಗಂಟೆ ಆಗಿರುತ್ತದೆ. ಚಾನೆಲ್‌ನ ಲೆಕ್ಕ ತೋರಿಸುವ ಯೂಟ್ಯೂಬ್ ಸ್ಟುಡಿಯೊ ತೆರೆದರೆ `Ranking by views` ಎಂಬ ಸಾಲಿನಲ್ಲಿ `2 of 10` ಎಂದಿರುತ್ತದೆ. ಕಳೆದ ಹತ್ತು ವಿಡಿಯೊಗಳಲ್ಲಿ ಇದಕ್ಕೆ ಎರಡನೇ ಸ್ಥಾನ. ಅಲ್ಲಿಂದ ವಿಡಿಯೊಗಳ ಪಟ್ಟಿಗೆ ಹೋದರೆ ಹಳೆಯವಕ್ಕೆಲ್ಲ ಹತ್ತು ಸಾವಿರ, ಇಪ್ಪತ್ತು ಸಾವಿರ ವ್ಯೂಸ್. ಹೊಸದಕ್ಕೆ ಇನ್ನೂ ಆರುನೂರು. ಎಲ್ಲಕ್ಕಿಂತ ಕೆಳಗಿರೋದು ಎರಡನೇ ಸ್ಥಾನಕ್ಕೆ ಬಂದಿದ್ದು ಹೇಗೆ?

ಎರಡೂ ಸರಿಯಾದ ಲೆಕ್ಕವೇ. ಪಟ್ಟಿಯಲ್ಲಿ ಕಾಣುವುದು ಇವತ್ತಿನವರೆಗಿನ ಒಟ್ಟು ವ್ಯೂಸ್. ರ‍್ಯಾಂಕ್ ಕೊಡುವಾಗ ಮಾತ್ರ ಯೂಟ್ಯೂಬ್ ಬೇರೆ ಪ್ರಶ್ನೆ ಕೇಳುತ್ತದೆ: ಹೊಸ ವಿಡಿಯೊಗೆ ಈಗ ಮೂರು ಗಂಟೆ ವಯಸ್ಸಾಗಿದ್ದರೆ, ಉಳಿದ ಒಂಬತ್ತಕ್ಕೆ ಅವುಗಳ ಮೊದಲ ಮೂರು ಗಂಟೆಯಲ್ಲಿ ಎಷ್ಟು ವ್ಯೂಸ್ ಬಂದಿತ್ತು? ವಯಸ್ಸಿಗೆ ಸರಿಹೊಂದಿಸಿ ಹೋಲಿಸುವುದು ಅಂದರೆ ಇದೇ. ಇದನ್ನು ನಾವೇ ಮಾಡಿಕೊಳ್ಳುವುದು ಹೇಗೆ, ಎಲ್ಲಿ ಲೆಕ್ಕ ತಪ್ಪುತ್ತದೆ ಎಂಬುದನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಒಂದು ಸಣ್ಣ ಅಡುಗೆ ಚಾನೆಲ್ ಇದೆ ಅಂದುಕೊಳ್ಳಿ. ವಾರಕ್ಕೊಂದು ವಿಡಿಯೊ. ಸಂಖ್ಯೆಗಳೆಲ್ಲ ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು.

## ಒಟ್ಟು ವ್ಯೂಸ್ ಹಳೆಯದರ ಪರ, ದಿನದ ಲೆಕ್ಕ ಹೊಸದರ ಪರ

ಚಾನೆಲ್‌ನ ಹೊಸ ವಿಡಿಯೊ ಅಕ್ಕಿ ರೊಟ್ಟಿಯದು. ಹಾಕಿ ಐದು ದಿನ ಆಗಿದೆ, 6,200 ವ್ಯೂಸ್ ಬಂದಿದೆ. ಹಳೆಯದೊಂದು ಬಿಸಿಬೇಳೆ ಬಾತ್ ವಿಡಿಯೊ. ಅದಕ್ಕೆ 400 ದಿನ, ಒಟ್ಟು 48,000 ವ್ಯೂಸ್. ಯಾವುದು ಚೆನ್ನಾಗಿ ಓಡಿತು?

ಒಟ್ಟು ಸಂಖ್ಯೆ ನೋಡಿದರೆ ಬಿಸಿಬೇಳೆ ಬಾತ್ ಎಂಟು ಪಟ್ಟು ಮುಂದಿದೆ. ಆದರೆ ಅದಕ್ಕೆ ವ್ಯೂಸ್ ಕೂಡಿಸಿಕೊಳ್ಳಲು 395 ದಿನ ಜಾಸ್ತಿ ಸಿಕ್ಕಿದೆ. ಒಟ್ಟು ವ್ಯೂಸ್ ಅನ್ನೋದು ಹೆಚ್ಚುಕಡಿಮೆ ಏರುತ್ತಲೇ ಹೋಗುವ ಸಂಖ್ಯೆ. ಹಳೆಯದಾದಷ್ಟೂ ದೊಡ್ಡದಾಗಿ ಕಾಣುತ್ತದೆ.

ಹಾಗಿದ್ದರೆ ದಿನಗಳಿಂದ ಭಾಗಿಸಿಬಿಡೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ. ಅಕ್ಕಿ ರೊಟ್ಟಿಗೆ ದಿನಕ್ಕೆ 1,240. ಬಿಸಿಬೇಳೆ ಬಾತ್‌ಗೆ ದಿನಕ್ಕೆ 120. ಈಗ ಹೊಸದು ಹತ್ತು ಪಟ್ಟು ಮುಂದೆ! ಒಂದೇ ಜೋಡಿ ವಿಡಿಯೊ, ಎರಡು ಲೆಕ್ಕ, ಎರಡು ತದ್ವಿರುದ್ಧ ಉತ್ತರ.

ಭಾಗಿಸುವ ಲೆಕ್ಕ ಕೆಟ್ಟಿದ್ದು ಯಾಕೆ ಅಂದರೆ, ವಿಡಿಯೊಗೆ ವ್ಯೂಸ್ ಎಲ್ಲ ದಿನವೂ ಸಮನಾಗಿ ಬರುವುದಿಲ್ಲ. ಹಾಕಿದ ಕೂಡಲೇ ಸಬ್‌ಸ್ಕ್ರೈಬರ್‌ಗಳ ಮೊಬೈಲಿಗೆ ನೋಟಿಫಿಕೇಶನ್ ಹೋಗುತ್ತದೆ, ಅವರ ಹೋಮ್ ಪೇಜ್‌ನಲ್ಲಿ ಕಾಣುತ್ತದೆ. ಮೊದಲ ಒಂದೆರಡು ದಿನ ಜೋರಾಗಿ ಓಡುತ್ತದೆ. ಆಮೇಲೆ ಇಳಿಯುತ್ತದೆ. ಕೊನೆಗೆ ಹುಡುಕಿಕೊಂಡು ಬರುವವರು, ಬೇರೆ ವಿಡಿಯೊ ಪಕ್ಕದಲ್ಲಿ ಕಂಡು ಬರುವವರು ಅಷ್ಟಿಷ್ಟು ಉಳಿಯುತ್ತಾರೆ. ಐದು ದಿನದ ವಿಡಿಯೊದ ಸರಾಸರಿಯಲ್ಲಿ ಇರುವುದೆಲ್ಲ ಆ ಜೋರಿನ ದಿನಗಳೇ. 400 ದಿನದ ವಿಡಿಯೊದಲ್ಲಿ ಅದೇ ಜೋರಿನ ದಿನಗಳು 390 ಮಂದ ದಿನಗಳ ಜೊತೆ ಕರಗಿಹೋಗಿವೆ. ಹಾಗಾಗಿ ದಿನದ ಲೆಕ್ಕದಲ್ಲಿ ಹೊಸ ವಿಡಿಯೊ ಯಾವಾಗಲೂ ಗೆದ್ದಂತೆ ಕಾಣುತ್ತದೆ. ಚಾನೆಲ್ ಬೆಳೆಯುತ್ತಿದೆ ಎಂಬ ಸುಳ್ಳು ಸಮಾಧಾನ ಇದರಿಂದ ಹುಟ್ಟುತ್ತದೆ.

ಅಂಗನವಾಡಿಯಲ್ಲಿ ಮಗುವಿನ ತೂಕ ನೋಡುವ ಚಾರ್ಟ್ ನೆನಪಿಸಿಕೊಳ್ಳಿ. ಕೆಳಗೆ ವಯಸ್ಸು ತಿಂಗಳಲ್ಲಿ, ಪಕ್ಕದಲ್ಲಿ ತೂಕ ಕಿಲೋದಲ್ಲಿ. ಏಳೂವರೆ ಕಿಲೋ ಅಂದರೆ ಆರು ತಿಂಗಳ ಮಗುವಿಗೆ ಸರಿಯಾದ ತೂಕ, ಎರಡು ವರ್ಷದ ಮಗುವಿಗೆ ಚಿಂತೆಯ ತೂಕ. ಅಲ್ಲಿ ಯಾರೂ ತೂಕವನ್ನು ವಯಸ್ಸಿನಿಂದ ಭಾಗಿಸುವುದಿಲ್ಲ. ಹಾಗೆ ಮಾಡಿದರೆ ಆರು ತಿಂಗಳ ಮಗು ವರ್ಷಕ್ಕೆ ಹದಿನೈದು ಕಿಲೋ, ಎರಡು ವರ್ಷದ 12 ಕಿಲೋ ಮಗು ವರ್ಷಕ್ಕೆ ಬರೀ ಆರು ಕಿಲೋ ಎಂದಾಗಿಬಿಡುತ್ತದೆ. ಅದೇ ವಯಸ್ಸಿನ ಬೇರೆ ಮಕ್ಕಳ ಪಕ್ಕ ಇಟ್ಟು ನೋಡುತ್ತಾರೆ, ಅಷ್ಟೇ. ವಿಡಿಯೊಗೂ ಬೇಕಾಗಿರುವುದು ಅದೇ ಚಾರ್ಟ್.

## ಹಳೆಯದನ್ನು ಹೊಸದರ ವಯಸ್ಸಿಗೆ ಇಳಿಸಿ

ವಿಧಾನ ಸರಳ. ಹೋಲಿಸಬೇಕಾದ ವಿಡಿಯೊಗಳಲ್ಲಿ ಎಲ್ಲಕ್ಕಿಂತ ಚಿಕ್ಕದಕ್ಕೆ ಎಷ್ಟು ವಯಸ್ಸು ನೋಡಿ. ಇಲ್ಲಿ ಐದು ದಿನ, ಅಂದರೆ 120 ಗಂಟೆ. ಉಳಿದ ಪ್ರತಿಯೊಂದು ವಿಡಿಯೊ ತಾನು ಬಿಡುಗಡೆಯಾಗಿ 120 ಗಂಟೆ ಮುಗಿಸಿದಾಗ ಎಷ್ಟು ವ್ಯೂಸ್ ಪಡೆದಿತ್ತು ಎಂದು ಹಿಂದಕ್ಕೆ ಹೋಗಿ ನೋಡಿ. ಆಮೇಲೆ ಬಂದಿದ್ದನ್ನೆಲ್ಲ ಬಿಟ್ಟುಬಿಡಿ.

ನಮ್ಮ ಉದಾಹರಣೆಯಲ್ಲಿ ಬಿಸಿಬೇಳೆ ಬಾತ್ ವಿಡಿಯೊಗೆ ಮೊದಲ ಐದು ದಿನದಲ್ಲಿ 9,000 ವ್ಯೂಸ್ ಬಂದಿತ್ತು ಅಂದುಕೊಳ್ಳಿ. ಅಕ್ಕಿ ರೊಟ್ಟಿಗೆ 6,200. ಭಾಗಿಸಿದರೆ 0.69. ಅಂದರೆ ಅದೇ ವಯಸ್ಸಿನಲ್ಲಿ ಬಿಸಿಬೇಳೆ ಬಾತ್ ಎಲ್ಲಿತ್ತೋ ಅದರ ನೂರಕ್ಕೆ 69ರಷ್ಟು ದೂರಕ್ಕೆ ಅಕ್ಕಿ ರೊಟ್ಟಿ ಬಂದಿದೆ. ಎಂಟು ಪಟ್ಟು ಹಿಂದೆಯೂ ಅಲ್ಲ, ಹತ್ತು ಪಟ್ಟು ಮುಂದೆಯೂ ಅಲ್ಲ.

ಇದರಲ್ಲಿ ಊಹೆ ಏನೂ ಇಲ್ಲ ಎಂಬುದೇ ಇದರ ಬಲ. ಹಳೆಯ ವಿಡಿಯೊದ ಐದನೇ ದಿನ ಎಂದೋ ಮುಗಿದುಹೋಗಿದೆ, ಆ ಸಂಖ್ಯೆ ದಾಖಲೆಯಲ್ಲಿದೆ. ನಿಮ್ಮದೇ ಚಾನೆಲ್ ಆದರೆ ಸ್ಟುಡಿಯೊದ ಅನಲಿಟಿಕ್ಸ್‌ನಲ್ಲಿ ಪ್ರತಿ ವಿಡಿಯೊದ ದಿನದಿನದ ವ್ಯೂಸ್ ಸಿಗುತ್ತದೆ. ಅದನ್ನು ಒಂದು ಶೀಟಿಗೆ ಇಳಿಸಿಕೊಂಡು, ತಾರೀಕಿನ ಬದಲು ಬಿಡುಗಡೆಯಾಗಿ ಎಷ್ಟನೇ ದಿನ ಎಂದು ಸಾಲು ಮಾಡಿಕೊಳ್ಳಬೇಕು. ಒಂದು ವಿಡಿಯೊ ಜನವರಿಯದು, ಇನ್ನೊಂದು ಜೂನ್‌ನದು ಆದರೂ ಎರಡರ ಮೊದಲ ದಿನವೂ ಒಂದೇ ಸಾಲಿಗೆ ಬರುತ್ತದೆ. ಕೆಲಸದ ಮುಕ್ಕಾಲು ಭಾಗ ಇಷ್ಟೇ.

## ಒಂದು ವಿಡಿಯೊ ಸಾಲದು, ಸರಾಸರಿಯೂ ಬೇಡ

ಬಿಸಿಬೇಳೆ ಬಾತ್ ಒಂದರ ಜೊತೆ ಹೋಲಿಸಿ 0.69 ಅಂದೆವು. ಆದರೆ ಅದು ಚಾನೆಲ್‌ನ ಒಳ್ಳೆಯ ವಿಡಿಯೊಗಳಲ್ಲಿ ಒಂದಾಗಿದ್ದರೆ? ಒಂದೇ ವಿಡಿಯೊ ಅಳತೆಗೋಲು ಆಗಲಾರದು. ಇತ್ತೀಚಿನ ಒಂಬತ್ತು ವಿಡಿಯೊ ತೆಗೆದುಕೊಳ್ಳೋಣ. ಅವು ಐದು ದಿನ ಮುಗಿಸಿದಾಗ ಪಡೆದ ವ್ಯೂಸ್, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದರೆ ಹೀಗಿದೆ:

3,900, 4,400, 4,700, 5,100, 5,300, 5,600, 6,400, 8,200, 31,000.

ಕೊನೆಯದನ್ನು ನೋಡಿ. ಯಾವುದೋ ಒಂದು ವಿಡಿಯೊ ಸಿಕ್ಕಾಪಟ್ಟೆ ಓಡಿದೆ. ಎಲ್ಲ ಚಾನೆಲ್‌ನಲ್ಲೂ ಇಂಥದ್ದೊಂದು ಇರುತ್ತದೆ. ಇವುಗಳ ಸರಾಸರಿ ತೆಗೆದರೆ ಸುಮಾರು 8,290. ಒಂಬತ್ತರಲ್ಲಿ ಎಂಟು ವಿಡಿಯೊ ಈ ಸರಾಸರಿಗಿಂತ ಕೆಳಗಿವೆ! ಇದರ ಜೊತೆ ಹೋಲಿಸಿದರೆ ಅಕ್ಕಿ ರೊಟ್ಟಿಗೆ 0.75 ಬರುತ್ತದೆ, ಸೋತಂತೆ ಕಾಣುತ್ತದೆ. ಇನ್ನು ಮುಂದೆ ಹಾಕುವ ವಿಡಿಯೊಗಳೂ ಹೆಚ್ಚಿನವು ಸೋತಂತೆಯೇ ಕಾಣುತ್ತವೆ.

ಅದಕ್ಕೇ ಇಲ್ಲಿ ಬೇಕಾಗುವುದು ಮಧ್ಯಾಂಕ. ಶಾಲೆಯ ಗಣಿತದಲ್ಲಿ ಕಲಿತದ್ದೇ. ಸಾಲಾಗಿ ಜೋಡಿಸಿ ನಟ್ಟನಡುವಿನದನ್ನು ತೆಗೆದುಕೊಳ್ಳುವುದು. ಇಲ್ಲಿ ಐದನೆಯದು, 5,300. ಆ 31,000 ಇದ್ದದ್ದು 3,10,000 ಆಗಿದ್ದರೂ ಮಧ್ಯಾಂಕ ಅಲ್ಲಾಡುತ್ತಿರಲಿಲ್ಲ. 6,200ನ್ನು 5,300ರಿಂದ ಭಾಗಿಸಿದರೆ 1.17. ಅಂದರೆ ಈ ಚಾನೆಲ್‌ನ ಮಾಮೂಲಿ ವಿಡಿಯೊ ಐದು ದಿನಕ್ಕೆ ಎಲ್ಲಿರುತ್ತದೋ ಅದಕ್ಕಿಂತ ಅಕ್ಕಿ ರೊಟ್ಟಿ ನೂರಕ್ಕೆ 17ರಷ್ಟು ಮುಂದಿದೆ. ಸ್ಥಾನ ಕೇಳಿದರೆ, ಇದೂ ಸೇರಿ ಹತ್ತರಲ್ಲಿ ನಾಲ್ಕನೆಯದು.

ಹಾಗಾದರೆ ಖುಷಿಪಡಬಹುದಾ? ಅದಕ್ಕೆ ಇನ್ನೊಂದು ಹೆಜ್ಜೆ ಇದೆ. ಮೇಲಿನ ಎರಡು, ಕೆಳಗಿನ ಎರಡು ತೆಗೆದುಹಾಕಿ. ಉಳಿದ ಐದು ವಿಡಿಯೊ 4,700ರಿಂದ 6,400ರ ನಡುವೆ ಇವೆ. ಇದು ಚಾನೆಲ್‌ನ ಮಾಮೂಲಿ ವ್ಯಾಪ್ತಿ. 6,200 ಈ ವ್ಯಾಪ್ತಿಯ ಒಳಗೇ ಇದೆ, ಮೇಲ್ತುದಿಯ ಹತ್ತಿರ. ಹಾಗಾಗಿ ನನ್ನ ಪ್ರಕಾರ ಹೇಳಬಹುದಾದ ಮಾತು ಇಷ್ಟೇ: ಇದು ಒಳ್ಳೆಯ ಮಾಮೂಲಿ ವಿಡಿಯೊ. ಗೆದ್ದಿತು ಎನ್ನಲು ವ್ಯಾಪ್ತಿಯನ್ನು ದಾಟಬೇಕು, ಸೋತಿತು ಎನ್ನಲು ಕೆಳಗೆ ಬೀಳಬೇಕು. ಸ್ಟುಡಿಯೊದ ಗ್ರಾಫಿನಲ್ಲಿ ಗೆರೆಯ ಹಿಂದೆ ಕಾಣುವ ಬೂದು ಬಣ್ಣದ ಪಟ್ಟಿಯೂ ಚಾನೆಲ್‌ನ ಇಂಥ ಮಾಮೂಲಿ ವ್ಯಾಪ್ತಿಯನ್ನೇ ತೋರಿಸುತ್ತದೆ. ಬರೀ ಸ್ಥಾನ ನೋಡುವುದಕ್ಕಿಂತ ಆ ಪಟ್ಟಿ ನೋಡುವುದು ಉತ್ತಮ. ಹತ್ತು ವಿಡಿಯೊ ಹತ್ತಿರ ಹತ್ತಿರ ಇದ್ದಾಗ ನೂರು ಇನ್ನೂರು ವ್ಯೂಸ್ ಆಚೀಚೆ ಆದರೂ ಸ್ಥಾನ ಎರಡು ಮೂರು ಮೆಟ್ಟಿಲು ಜಿಗಿಯುತ್ತದೆ.

ಇತ್ತೀಚಿನ ಒಂಬತ್ತು ಎಂದದ್ದಕ್ಕೂ ಕಾರಣ ಇದೆ. ಚಾನೆಲ್ ಕೂಡ ಬೆಳೆಯುತ್ತಿರುತ್ತದೆ. ವರ್ಷದ ಹಿಂದೆ ಸಬ್‌ಸ್ಕ್ರೈಬರ್‌ಗಳು ಅರ್ಧದಷ್ಟೇ ಇದ್ದರೆ, ಆಗಿನ ವಿಡಿಯೊದ ಐದನೇ ದಿನವನ್ನೂ ಈಗಿನದರ ಐದನೇ ದಿನವನ್ನೂ ಪಕ್ಕ ಇಟ್ಟರೆ ಚಾನೆಲ್‌ನ ಬೆಳವಣಿಗೆ ವಿಡಿಯೊದ ಲೆಕ್ಕಕ್ಕೆ ಸೇರಿಬಿಡುತ್ತದೆ. ವಯಸ್ಸು ಸರಿಹೊಂದಿಸಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ. ಕೆಲವರು ಸಬ್‌ಸ್ಕ್ರೈಬರ್ ಸಂಖ್ಯೆಯಿಂದ ಭಾಗಿಸುತ್ತಾರೆ. ಆದರೆ ವ್ಯೂಸ್‌ನಲ್ಲಿ ದೊಡ್ಡ ಪಾಲು ಸಬ್‌ಸ್ಕ್ರೈಬ್ ಮಾಡದವರದ್ದೇ ಇರಬಹುದು. ಹತ್ತಿರದ ವಿಡಿಯೊಗಳನ್ನಷ್ಟೇ ತೆಗೆದುಕೊಳ್ಳುವುದು ಸುಲಭ, ನಂಬಬಹುದು.

## ‘ಮೊದಲ ದಿನ’ ಎಷ್ಟು ಗಂಟೆಯದು?

ಇಲ್ಲಿ ನಮ್ಮ ದೇಶದಲ್ಲಿರುವವರು ಗಮನಿಸಲೇಬೇಕಾದ ಸಂಗತಿ ಇದೆ. ಯೂಟ್ಯೂಬ್ ಅನಲಿಟಿಕ್ಸ್‌ನ ‘ದಿನ’ ಶುರುವಾಗುವುದು ನಮ್ಮ ಮಧ್ಯರಾತ್ರಿಗೆ ಅಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ, ಅಂದರೆ ಪೆಸಿಫಿಕ್ ಸಮಯದ ಮಧ್ಯರಾತ್ರಿಗೆ. ಅಲ್ಲಿನ ಬೇಸಿಗೆ ಗಡಿಯಾರದಂತೆ ಅದು ನಮಗೆ ಮಧ್ಯಾಹ್ನ 12:30. ಅಲ್ಲಿನ ಚಳಿಗಾಲದಲ್ಲಿ ಮಧ್ಯಾಹ್ನ 1:30.

ಜೂನ್ ತಿಂಗಳು ಎಂದುಕೊಳ್ಳಿ. ಒಂದು ವಿಡಿಯೊ ಬೆಳಿಗ್ಗೆ 10 ಗಂಟೆಗೆ ಹಾಕಿದಿರಿ. ಎರಡೂವರೆ ಗಂಟೆಯಲ್ಲಿ ಅನಲಿಟಿಕ್ಸ್‌ನ ದಿನ ಮುಗಿದೇಹೋಯಿತು. ದಾಖಲೆಯಲ್ಲಿ ಅದರ ‘ಮೊದಲ ದಿನ’ ಅಂದರೆ ಬರೀ ಎರಡೂವರೆ ಗಂಟೆ. ಇನ್ನೊಂದು ವಿಡಿಯೊ ಸಂಜೆ 6 ಗಂಟೆಗೆ ಹಾಕಿದಿರಿ. ಅದರ ‘ಮೊದಲ ದಿನ’ ಮರುದಿನ ಮಧ್ಯಾಹ್ನ 12:30ರವರೆಗೆ, ಅಂದರೆ ಹದಿನೆಂಟೂವರೆ ಗಂಟೆ. ಎರಡನ್ನೂ ‘ದಿನ 1’ ಎಂದು ಒಂದೇ ಸಾಲಿನಲ್ಲಿ ಇಟ್ಟು, ಸಂಜೆ ಹಾಕಿದ್ದು ಆರು ಪಟ್ಟು ಚೆನ್ನಾಗಿ ಓಡಿತು ಅಂದರೆ ಏನೂ ಅರ್ಥವಿಲ್ಲ. ಗಡಿಯಾರ ಅದನ್ನು ಗೆಲ್ಲಿಸಿದೆ.

ಇದನ್ನು ತಪ್ಪಿಸಲು ಎರಡು ದಾರಿ. ಮೊದಲ ಎರಡು ಮೂರು ದಿನದ ಹೋಲಿಕೆ ಮಾಡುವಾಗ ದಿನದ ಸಂಖ್ಯೆ ಬಿಟ್ಟು ಗಂಟೆಯ ಸಂಖ್ಯೆ ಬಳಸಬೇಕು. ಸ್ಟುಡಿಯೊದ ರ‍್ಯಾಂಕ್ ಗಂಟೆಗಳನ್ನೇ ಎಣಿಸುವುದರಿಂದ ಆ ಮಟ್ಟಿಗೆ ಅದು ಸರಿ ಇದೆ. ದಿನದ ಸಂಖ್ಯೆಯೇ ಗತಿ ಎಂದಾದರೆ ಏಳು ದಿನವಾದರೂ ಆಗಲಿ ಎಂದು ಕಾಯಬೇಕು. ಆ ಹೊತ್ತಿಗೆ ಹದಿನಾರು ಗಂಟೆಯ ವ್ಯತ್ಯಾಸ 168 ಗಂಟೆಯ ಮೇಲೆ ಹರಡಿಕೊಂಡಿರುತ್ತದೆ. ಪೂರ್ತಿ ಅಳಿಸಿಹೋಗುವುದಿಲ್ಲ, ಆದರೆ ತೀರ್ಪನ್ನೇ ತಿರುಗಿಸುವಷ್ಟು ದೊಡ್ಡದಾಗಿ ಉಳಿಯುವುದೂ ಕಡಿಮೆ. ಪ್ರತಿ ವಾರ ಒಂದೇ ಹೊತ್ತಿಗೆ ವಿಡಿಯೊ ಹಾಕುವವರಿಗೆ ಈ ತಲೆನೋವು ಬಹುಪಾಲು ಇಲ್ಲ.

## ಬೇರೆಯವರ ಚಾನೆಲ್ ಆದರೆ

ಬೇರೆ ಚಾನೆಲ್‌ನ ದಿನದಿನದ ವ್ಯೂಸ್ ಯೂಟ್ಯೂಬ್ ನಮಗೆ ಕೊಡುವುದಿಲ್ಲ. ಸಾರ್ವಜನಿಕವಾಗಿ ಸಿಗುವುದು ಈ ಕ್ಷಣದ ಒಟ್ಟು ಮೊತ್ತ ಮತ್ತು ಬಿಡುಗಡೆಯಾದ ಸಮಯ ಮಾತ್ರ. ಸ್ವಲ್ಪ ಕೋಡಿಂಗ್ ಗೊತ್ತಿದ್ದವರು ಯೂಟ್ಯೂಬ್ ಡೇಟಾ ಎಪಿಐಗೆ ಹೀಗೆ ಕೇಳಬಹುದು:

```
GET https://www.googleapis.com/youtube/v3/videos
    ?part=snippet,statistics&id=VIDEO_ID&key=API_KEY
```

ಉತ್ತರದಲ್ಲಿ `publishedAt` ಮತ್ತು `viewCount` ಎರಡೂ ಇರುತ್ತವೆ. ಸಮಯ ಇರುವುದು ಯುಟಿಸಿಯಲ್ಲಿ. `04:30:00Z` ಎಂದಿದ್ದರೆ ಐದೂವರೆ ಗಂಟೆ ಕೂಡಿಸಿ, ನಮ್ಮ ಬೆಳಿಗ್ಗೆ 10 ಗಂಟೆ ಎಂದು ಓದಿಕೊಳ್ಳಬೇಕು. ಹಿಂದಿನದು ಸಿಗುವುದಿಲ್ಲವಾದ್ದರಿಂದ ಇವತ್ತಿನಿಂದ ದಿನಾ ಒಂದು ಸಲ ಕೇಳಿ, ಕೇಳಿದ ಹೊತ್ತಿನ ಜೊತೆ ಬರೆದಿಟ್ಟುಕೊಳ್ಳುತ್ತಾ ಹೋಗಬೇಕು. ಕೋಡಿಂಗ್ ಬೇಡ ಅನ್ನುವವರು ಕೈಯಲ್ಲೇ ಬರೆದುಕೊಳ್ಳಬಹುದು.

ಸರಿಯಾಗಿ 120ನೇ ಗಂಟೆಗೇ ಬರೆದುಕೊಳ್ಳಲು ಆಗುವುದಿಲ್ಲ, ಅಲ್ವಾ? ಒಂದು ವಿಡಿಯೊಗೆ 110ನೇ ಗಂಟೆಯಲ್ಲಿ 8,300, 134ನೇ ಗಂಟೆಯಲ್ಲಿ 9,500 ಎಂದು ಬರೆದಿದ್ದೀರಿ ಅಂದುಕೊಳ್ಳಿ. 24 ಗಂಟೆಯಲ್ಲಿ 1,200 ಬಂದಿದೆ. 110ರಿಂದ 120ಕ್ಕೆ ಹತ್ತು ಗಂಟೆ, ಅದರ ಪಾಲು 500. ಹಾಗಾಗಿ 120ನೇ ಗಂಟೆಗೆ ಸುಮಾರು 8,800. ನಾಲ್ಕನೇ ಐದನೇ ದಿನಕ್ಕೆ ಈ ಲೆಕ್ಕ ಸಾಕು. ಮೊದಲ ದಿನಕ್ಕೆ ಸಾಲದು, ಏಕೆಂದರೆ ಆಗ ವ್ಯೂಸ್ ಬರುವ ವೇಗ ಗಂಟೆಗಂಟೆಗೂ ಬದಲಾಗುತ್ತದೆ. ಆಗ ಗಂಟೆಗೊಮ್ಮೆ ಬರೆದಿದ್ದರೆ ಮಾತ್ರ ನಂಬಬಹುದು. ಅಪರೂಪಕ್ಕೆ ಇವತ್ತಿನ ಮೊತ್ತ ನಿನ್ನೆಯದಕ್ಕಿಂತ ಕಡಿಮೆ ಇರುವುದೂ ಉಂಟು. ಅಸಲಿ ಅಲ್ಲ ಎನಿಸಿದ ವ್ಯೂಸ್‌ಗಳನ್ನು ಯೂಟ್ಯೂಬ್ ಆಮೇಲೆ ತೆಗೆಯುತ್ತದೆ. ಗಾಬರಿ ಬೇಡ, ಹೊಸ ಸಂಖ್ಯೆಯನ್ನೇ ಇಟ್ಟುಕೊಳ್ಳಿ.

## ಮುಂದಕ್ಕೆ ಎಷ್ಟು ಬರಬಹುದು?

ಇಲ್ಲಿಯವರೆಗೆ ಹಳೆಯದನ್ನು ಹೊಸದರ ವಯಸ್ಸಿಗೆ ಇಳಿಸಿದೆವು. ಉಲ್ಟಾ ಕೂಡ ಮಾಡಬಹುದು. ಹೊಸದು 90 ದಿನಕ್ಕೆ ಎಲ್ಲಿರಬಹುದು ಎಂದು ಅಂದಾಜು ಮಾಡಿ, ಹಳೆಯವುಗಳ 90ನೇ ದಿನದ ಜೊತೆ ಹೋಲಿಸುವುದು.

90 ದಿನ ದಾಟಿದ ವಿಡಿಯೊಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಐದನೇ ದಿನದ ವ್ಯೂಸನ್ನು 90ನೇ ದಿನದ ವ್ಯೂಸ್‌ನಿಂದ ಭಾಗಿಸಿ. ಮಧ್ಯಾಂಕ 0.40 ಬಂತು ಅಂದುಕೊಳ್ಳಿ. ಅಂದರೆ ಈ ಚಾನೆಲ್‌ನ ಮಾಮೂಲಿ ವಿಡಿಯೊ ತನ್ನ ಮೂರು ತಿಂಗಳ ವ್ಯೂಸ್‌ನಲ್ಲಿ ನೂರಕ್ಕೆ ನಲವತ್ತನ್ನು ಐದು ದಿನದೊಳಗೇ ಪಡೆಯುತ್ತದೆ. ಅಕ್ಕಿ ರೊಟ್ಟಿಯ 6,200ನ್ನು 0.40ರಿಂದ ಭಾಗಿಸಿದರೆ 15,500.

ಆದರೆ ಆ ಒಂದು ಸಂಖ್ಯೆಯನ್ನು ಹಿಡಿದುಕೊಂಡು ಕೂರಬಾರದು. ಒಂದು ವಿಡಿಯೊದಲ್ಲಿ ಆ ಪಾಲು 0.28 ಇರಬಹುದು, ಇನ್ನೊಂದರಲ್ಲಿ 0.52. ಹಾಗಾದರೆ ಅಕ್ಕಿ ರೊಟ್ಟಿಯ ಅಂದಾಜು ಸುಮಾರು 12,000ದಿಂದ 22,000ದವರೆಗೆ ಹರಡಿಕೊಳ್ಳುತ್ತದೆ. ಅಂದಾಜು ಹೇಳುವುದಾದರೆ ಈ ಎರಡು ತುದಿಯನ್ನೂ ಹೇಳಬೇಕು.

ಯೂಟ್ಯೂಬ್‌ನಲ್ಲಿ ಮೊದಲ ಗಂಟೆಗಳನ್ನು ನೋಡಿ ಭವಿಷ್ಯ ಹೇಳುವುದು ಯಾಕೆ ಕಷ್ಟ ಎಂಬುದನ್ನು ಗೇಬರ್ ಸಾಬೊ ಮತ್ತು ಬರ್ನಾರ್ಡೊ ಹ್ಯೂಬರ್ಮನ್ ಎಂಬ ಸಂಶೋಧಕರು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿದ್ದಾರೆ. ಆಗ ಜನಪ್ರಿಯವಾಗಿದ್ದ ಡಿಗ್ ಎಂಬ ಸುದ್ದಿ ಹಂಚುವ ತಾಣವನ್ನೂ ಯೂಟ್ಯೂಬನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಡಿಗ್‌ನಲ್ಲಿ ಒಂದು ಸುದ್ದಿಯ ಮೊದಲ ಎರಡು ಗಂಟೆ ನೋಡಿದರೆ 30 ದಿನದ ನಂತರ ಅದು ಎಲ್ಲಿರುತ್ತದೆ ಎಂದು ಚೆನ್ನಾಗಿಯೇ ಅಂದಾಜು ಮಾಡಬಹುದಿತ್ತು. ಅಷ್ಟೇ ನಿಖರತೆ ಯೂಟ್ಯೂಬ್‌ನಲ್ಲಿ ಬೇಕಾದರೆ ಹತ್ತು ದಿನ ಕಾಯಬೇಕಿತ್ತು. ಸುದ್ದಿ ಬೇಗ ಹಳಸುತ್ತದೆ, ವಿಡಿಯೊವನ್ನು ಜನ ತಿಂಗಳಾದ ಮೇಲೂ ಹುಡುಕಿಕೊಂಡು ಬರುತ್ತಾರೆ. ಅಂದಿನಿಂದ ಯೂಟ್ಯೂಬ್ ಬಹಳ ಬದಲಾಗಿದೆ, ಆ ಹತ್ತು ದಿನವನ್ನು ನಿಯಮ ಎಂದುಕೊಳ್ಳುವುದು ಬೇಡ. ಆದರೆ ಕಾರಣ ಈಗಲೂ ಅದೇ. ಅದಕ್ಕೇ ನಾನು ಸಾಧ್ಯವಾದಲ್ಲೆಲ್ಲ ಹಿಂದಕ್ಕೆ ಇಳಿಸುವ ಲೆಕ್ಕವನ್ನೇ ಆರಿಸುತ್ತೇನೆ.

## ವಯಸ್ಸು ಒಂದೇ, ಓಟ ಬೇರೆ

ಒಂದು ಚಾನೆಲ್‌ನಲ್ಲಿ ಎರಡು ವಿಡಿಯೊ ಇವೆ ಎಂದುಕೊಳ್ಳಿ. ಒಂದು ಅಂದಿನ ಸುದ್ದಿಯದು. ಇನ್ನೊಂದು ಮೊಬೈಲಿನಲ್ಲೇ ಪಹಣಿ ತೆಗೆಯುವುದು ಹೇಗೆ ಎಂದು ತೋರಿಸುವುದು. ಎರಡು ದಿನ ಆದಾಗ ಸುದ್ದಿಗೆ 7,000, ಪಹಣಿಗೆ 900. ವಯಸ್ಸು ಸಮ, ಹೋಲಿಕೆ ಸರಿಯಾಗಿದೆ, ಪಹಣಿ ವಿಡಿಯೊ ಸೋತಿತು ಎಂದು ಬರೆದುಕೊಳ್ಳುತ್ತೀರಿ. ತೊಂಬತ್ತು ದಿನಕ್ಕೆ ನೋಡಿದರೆ ಸುದ್ದಿ 8,000ದಲ್ಲೇ ನಿಂತಿದೆ, ಪಹಣಿ 14,000ಕ್ಕೆ ಹೋಗಿದೆ.

ಇಂಥ ವಿಡಿಯೊ ಓಡುವುದು ನೋಟಿಫಿಕೇಶನ್‌ನಿಂದ ಅಲ್ಲ. ಯಾರಿಗೋ ಸಾಲಕ್ಕೆ ಪಹಣಿ ಬೇಕಾದ ದಿನ ಅವರು ಹುಡುಕುತ್ತಾರೆ. ದಿನಾ ಯಾರಿಗೋ ಬೇಕಾಗುತ್ತಲೇ ಇರುತ್ತದೆ. ಹಬ್ಬದ ಅಡುಗೆಯದ್ದು ಮತ್ತೊಂದು ಬಗೆ. ಹೋಳಿಗೆ ವಿಡಿಯೊ ವರ್ಷವೆಲ್ಲ ಮಲಗಿದ್ದು ಯುಗಾದಿ ಹತ್ತಿರ ಬಂದಾಗ ಎದ್ದು ಕೂರುತ್ತದೆ. ಅದನ್ನು ಯುಗಾದಿಗೆ ಎರಡು ದಿನ ಮುಂಚೆ ಹಾಕಿದ್ದಕ್ಕೂ ಆಷಾಢದಲ್ಲಿ ಹಾಕಿದ್ದಕ್ಕೂ ಮೊದಲ ವಾರ ಒಂದೇ ಆಗಲು ಸಾಧ್ಯವೇ ಇಲ್ಲ.

ಹಾಗಾಗಿ ಮಧ್ಯಾಂಕ ತೆಗೆಯುವ ಗುಂಪು ಒಂದೇ ಬಗೆಯ ವಿಡಿಯೊಗಳದ್ದಾಗಿರಬೇಕು. ಬಗೆ ಬೇರೆ ಎಂದು ತಿಳಿಯುವುದು ಹೇಗೆ? ಎರಡು ವಿಡಿಯೊದ ಗೆರೆಗಳನ್ನು ಬಿಡುಗಡೆಯ ದಿನದಿಂದ ಎಳೆದು ನೋಡಿ. ಒಂದು ಗೆರೆ ಇನ್ನೊಂದನ್ನು ಮಧ್ಯದಲ್ಲಿ ದಾಟಿದರೆ, ಯಾವ ವಯಸ್ಸಿನಲ್ಲಿ ನೋಡಿದಿರಿ ಎಂಬುದರ ಮೇಲೆ ಗೆದ್ದವರು ಬದಲಾಗುತ್ತಾರೆ. ವ್ಯೂಸ್ ಎಲ್ಲಿಂದ ಬಂತು ಎಂಬ ವಿವರವೂ ಅನಲಿಟಿಕ್ಸ್‌ನಲ್ಲಿದೆ. ಸರ್ಚ್‌ನಿಂದ ಬಂದದ್ದೇ ಹೆಚ್ಚಾಗಿದ್ದರೆ ಅದು ನಿಧಾನಕ್ಕೆ ಓಡುವ ಬಗೆ. ಅದನ್ನು 28 ಅಥವಾ 90 ದಿನಕ್ಕೆ ಅಳೆಯಬೇಕು. ಅದೇ ವಿವರದಲ್ಲಿ ಜಾಹೀರಾತಿನಿಂದ ಬಂದ ವ್ಯೂಸ್ ಇದ್ದರೆ ಹೋಲಿಸುವ ಮೊದಲು ಕಳೆಯಿರಿ. ದುಡ್ಡು ಕೊಟ್ಟು ತಂದದ್ದು ಬೇರೆ ಲೆಕ್ಕ.

ಶಾರ್ಟ್ಸ್ ಅಂತೂ ಇವುಗಳ ಜೊತೆ ಬೆರೆಸಲೇಬೇಡಿ. ಅಲ್ಲಿ ವ್ಯೂ ಎಂದರೇನು ಎಂಬುದೇ ಮಧ್ಯದಲ್ಲಿ ಬದಲಾಯಿತು. 2025ರ ಮಾರ್ಚ್ 31ರಿಂದ ಶಾರ್ಟ್ ಒಂದು ಪ್ಲೇ ಆಗಲು ಶುರುವಾದರೆ ಸಾಕು, ಮತ್ತೆ ಪ್ಲೇ ಆದರೂ ಸಾಕು, ವ್ಯೂ ಎಂದು ಎಣಿಸಲಾಗುತ್ತದೆ. ಇಷ್ಟು ಹೊತ್ತು ನೋಡಿರಬೇಕು ಎಂಬುದಿಲ್ಲ. ಹಳೆಯ ರೀತಿಯ ಎಣಿಕೆ `Engaged views` ಎಂಬ ಹೆಸರಿನಲ್ಲಿ ಅನಲಿಟಿಕ್ಸ್‌ನಲ್ಲಿ ಉಳಿದಿದೆ. ಆ ದಿನಕ್ಕೆ ಹಿಂದಿನ ಶಾರ್ಟ್‌ನ ಏಳನೇ ದಿನವನ್ನೂ ನಂತರದ ಶಾರ್ಟ್‌ನ ಏಳನೇ ದಿನವನ್ನೂ ಹೋಲಿಸಬೇಕಾದರೆ ಈ ಎಣಿಕೆಯನ್ನೇ ಬಳಸಬೇಕು.

## ಥಂಬ್‌ನೇಲ್ ಬದಲಿಸಿದ ಮೇಲೆ ವ್ಯೂಸ್ ಬಿತ್ತಾ?

ಅಕ್ಕಿ ರೊಟ್ಟಿಗೆ ವಾಪಸ್ ಬರೋಣ. ಐದನೇ ದಿನ ಮುಗಿದ ಕೂಡಲೇ ಥಂಬ್‌ನೇಲ್ ಬದಲಿಸಿದರು ಎಂದುಕೊಳ್ಳಿ. ಮೊದಲ ಐದು ದಿನದಲ್ಲಿ 6,200 ಬಂದಿತ್ತು, ದಿನಕ್ಕೆ 1,240. ಆರರಿಂದ ಹತ್ತನೇ ದಿನದವರೆಗೆ 2,240 ಬಂತು, ದಿನಕ್ಕೆ 448. ಮೂರನೇ ಒಂದು ಭಾಗಕ್ಕೆ ಇಳಿದುಬಿಟ್ಟಿತು! ಹೊಸ ಥಂಬ್‌ನೇಲ್ ಕೆಟ್ಟದು ಎಂದು ಹಳೆಯದನ್ನೇ ವಾಪಸ್ ಹಾಕಲು ಕೈ ಓಡುತ್ತದೆ.

ಈಗ ಅದೇ ಒಂಬತ್ತು ವಿಡಿಯೊಗಳ ಆರರಿಂದ ಹತ್ತನೇ ದಿನದವರೆಗಿನ ವ್ಯೂಸ್ ತೆಗೆದು ನೋಡಿ. ಅದರ ಮಧ್ಯಾಂಕ 1,400 ಎಂದುಕೊಳ್ಳಿ. ಅಂದರೆ ಈ ಚಾನೆಲ್‌ನಲ್ಲಿ ಆ ವಯಸ್ಸಿನಲ್ಲಿ ಎಲ್ಲ ವಿಡಿಯೊವೂ ಇಳಿಯುತ್ತದೆ. ಮಾಮೂಲಿ ವಿಡಿಯೊ 1,400 ಪಡೆಯುವ ಜಾಗದಲ್ಲಿ ಇದು 2,240 ಪಡೆದಿದೆ. ಅನುಪಾತ 1.6. ಮೊದಲ ಐದು ದಿನದಲ್ಲಿ ಅದು 1.17 ಇತ್ತು. ಬಿದ್ದಂತೆ ಕಂಡ ವಿಡಿಯೊ ನಿಜಕ್ಕೂ ತನ್ನ ವಯಸ್ಸಿನವುಗಳಿಗಿಂತ ಇನ್ನಷ್ಟು ಮುಂದೆ ಹೋಗಿದೆ.

ಥಂಬ್‌ನೇಲ್‌ನಿಂದಲೇ ಹೀಗಾಯಿತು ಎನ್ನಲು ಇದೊಂದೇ ಸಾಲದು. ಅದೇ ವಾರ ಸರ್ಚ್‌ನಲ್ಲಿ ಮೇಲೆ ಬಂದಿರಬಹುದು, ದೊಡ್ಡ ವಿಡಿಯೊ ಒಂದರ ಪಕ್ಕ ಸಲಹೆಯಾಗಿ ಕಂಡಿರಬಹುದು. ಅದನ್ನು ಬಿಡಿಸಿ ನೋಡಲು ಆ ಎರಡು ಅವಧಿಯ ಕ್ಲಿಕ್ ಪ್ರಮಾಣವನ್ನು, ಅಂದರೆ ಥಂಬ್‌ನೇಲ್ ಕಂಡ ನೂರು ಸಲದಲ್ಲಿ ಎಷ್ಟು ಸಲ ಒತ್ತಿದರು ಎಂಬುದನ್ನು, ಒಂದೊಂದು ಮೂಲಕ್ಕೂ ಬೇರೆ ಬೇರೆಯಾಗಿ ನೋಡಬೇಕು. ಹೋಮ್ ಪೇಜ್‌ನಲ್ಲಿ ಅದು ಏರಿದ್ದರೆ ಹೊಸ ಚಿತ್ರಕ್ಕೆ ಸ್ವಲ್ಪ ಶ್ರೇಯ ಕೊಡಬಹುದು. ಏರದೆ, ಬರೀ ಸರ್ಚ್‌ನ ವ್ಯೂಸ್ ಜಾಸ್ತಿ ಆಗಿದ್ದರೆ, ಆ ವಾರ ಜನ ಅಕ್ಕಿ ರೊಟ್ಟಿಯನ್ನು ಹೆಚ್ಚು ಹುಡುಕಿದರು ಎಂದಷ್ಟೇ ಓದಿಕೊಳ್ಳಬೇಕು.